ಬಾಣದ ಪಕ್ಕ ಒಂದು ಸಹಿ

ಮುನಿಲಕ್ಷ್ಮಿಯನ್ನು ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟು. ಆಗ ನಾನು ಕೋಲಾರದ ಒಂದು ನರ್ಸಿಂಗ್ ಶಾಲೆಯಲ್ಲಿ ಶರೀರಕ್ರಿಯೆಯ ಪಾಠ ಮಾಡುತ್ತಿದ್ದೆ. ಅದಾಗಲೇ ಇಪ್ಪತ್ತೆರಡು ವರ್ಷದ ಸರ್ವೀಸು. ಸುಂದರಾಬಾಯಿ ಮೇಡಂ ಎಂದರೆ ಹುಡುಗಿಯರು ಕಾರಿಡಾರಿನಲ್ಲಿ ದಾರಿ ಬಿಡುತ್ತಿದ್ದ ಕಾಲ. ಅಂಥ ನನ್ನ ಮುಂದೆ, ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಒಬ್ಬ ಟೈಪಿಸ್ಟು, "ಮೇಡಂ, ನೀವು ಬೋರ್ಡ್ ಮೇಲೆ ಬರೆದಿರೋದು ಅರ್ಥ ಆಗ್ಲಿಲ್ಲ" ಎಂದಳು. ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಅವಳಿಗೆ ಮೂವತ್ತರ ಆಸುಪಾಸು. ನಂಗಲಿ ಕಡೆಯವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮುಳಬಾಗಿಲಿನ ಮೇಲೆ ಕೋಲಾರಕ್ಕೆ ಬಂದು, ನಮ್ಮ ಶಾಲೆಯ ಎದುರಿನ ಶ್ರೀರಾಮಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅದಕ್ಕೆ ಮೊದಲು ಆರು ವರ್ಷ ಮುಳಬಾಗಿಲಿನಲ್ಲಿ ಕೋದಂಡರಾಮಪ್ಪ ಎಂಬ ಪತ್ರಬರಹಗಾರರ ಹತ್ತಿರ ಕ್ರಯಪತ್ರ, ವಿಭಾಗಪತ್ರ ಟೈಪು ಮಾಡಿದ್ದಳಂತೆ. ಹಳೆಯ ಪತ್ರದಲ್ಲಿ ಒಂದು ಅಕ್ಷರ ಮಾಸಿದ್ದರೂ ಆ ಮನುಷ್ಯ ಊಹಿಸಿ ಟೈಪು ಮಾಡಲು ಬಿಡುತ್ತಿರಲಿಲ್ಲ. ಆ ಜಾಗದಲ್ಲಿ ಚುಕ್ಕಿ ಇಡಬೇಕು, ಪಕ್ಕದಲ್ಲಿ 'ಮೂಲದಲ್ಲಿ ಓದಲಾಗಿಲ್ಲ' ಎಂದು ಬರೆಯಬೇಕು. ಯಾರಾದರೂ ಬಾಯಲ್ಲಿ ಹೇಳಿ ತುಂಬಿಸಿದರೆ ಹೇಳಿದವರ ಸಹಿ ಅಲ್ಲೇ ಬೀಳಬೇಕು. ಜಮೀನಿನ ಎಲ್ಲೆ ಅಂಗುಲ ತಪ್ಪಿದರೂ ಅಣ್ಣತಮ್ಮಂದಿರು ಕೋರ್ಟು ಹತ್ತುವ ಊರಿನ ಪದ್ಧತಿ ಅದು. ಮುನಿಲಕ್ಷ್ಮಿ ಅದನ್ನು ಹಾಗೆಯೇ ಎತ್ತಿಕೊಂಡು ಬಂದು ನನ್ನ ಪಾಠದ ಮೇಲೆ ಹೇರಿದ್ದಳು.

ಆದದ್ದು ಇಷ್ಟು. ಎರಡು ಸಾವಿರದ ಏಳನೇ ಇಸವಿ. ಮಾಸ್ತಿಯ ಕಡೆಯಿಂದ ಬಂದಿದ್ದ ಆಂಜಿನಮ್ಮ ಎಂಬ ವಿದ್ಯಾರ್ಥಿನಿಗೆ ಕಾಮಾಲೆಯಾಗಿ ಆರು ವಾರ ಕ್ಲಾಸು ತಪ್ಪಿತ್ತು. ಪರೀಕ್ಷೆಗೆ ಉಳಿದದ್ದು ಹನ್ನೆರಡು ದಿನ. ನಮ್ಮ ವಿಷಯದಲ್ಲಿ ಅವಳು ಹೋದ ವರ್ಷವೇ ಒಮ್ಮೆ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಮತ್ತೆ ಕಿರಿಯರ ಜೊತೆ ವರ್ಷವಿಡೀ ಕೂರಬೇಕು, ಅದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ, ಮದುವೆ ಮಾಡಿ ಕಳಿಸುತ್ತಾರೆ ಎಂದು ಅತ್ತುಕೊಂಡಿದ್ದಳು. ಆ ಬ್ಯಾಚಿನಲ್ಲಿ ಕ್ಯಾಮೆರಾ ಇರುವ ಫೋನು ಇದ್ದದ್ದು ನಂದೀಶನ ಹತ್ತಿರ ಮಾತ್ರ. ಬರೆದುಕೊಳ್ಳುವ ಸೋಮಾರಿತನಕ್ಕೆ ಅವನು ಬೋರ್ಡಿನ ಫೋಟೋ ಹೊಡೆದುಕೊಳ್ಳುತ್ತಿದ್ದ. ಒಟ್ಟು ನಲವತ್ತೊಂದು ಫೋಟೋ. ಅವನ್ನೆಲ್ಲ ಮೆಮೊರಿ ಕಾರ್ಡಿನಲ್ಲಿ ತಂದು ಆಂಜಿನಮ್ಮ ಮುನಿಲಕ್ಷ್ಮಿಗೆ ಕೊಟ್ಟಳು. "ಅಕ್ಕಾ, ಇದನ್ನ ಓದೋ ಥರ ಮಾಡ್ಕೊಡಿ."

ನನ್ನ ಬೋರ್ಡು ಹೇಗಿರುತ್ತಿತ್ತು ಎಂಬುದನ್ನೂ ಹೇಳಬೇಕು. ನಾನು ಮಾತಾಡುವ ವೇಗಕ್ಕೆ ಸೀಮೆಸುಣ್ಣ ಓಡುತ್ತಿರಲಿಲ್ಲ. ಹಾಗಾಗಿ ಪೇಷಂಟಿಗೆ ಎರಡಕ್ಷರ, ರೋಗನಿರ್ಣಯಕ್ಕೆ ಎರಡಕ್ಷರ. ಇಂಗ್ಲಿಷಿನ ಸಿ ಅಕ್ಷರದ ಮೇಲೊಂದು ಗೆರೆ ಎಳೆದರೆ 'ಸಹಿತ', ಎಸ್ ಮೇಲೆ ಎಳೆದರೆ 'ರಹಿತ'. ಹೆಚ್ಚಾಯಿತು ಎನ್ನಲು ಮೇಲ್ಮುಖದ ಬಾಣ, ಕಡಿಮೆಯಾಯಿತು ಎನ್ನಲು ಕೆಳಮುಖದ್ದು, ಇದರಿಂದ ಅದು ಆಯಿತು ಎನ್ನಲು ಅಡ್ಡ ಬಾಣ. ಚಿತ್ರ ಅರ್ಧ ಆಗುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಉಳಿದರ್ಧ ಪುಸ್ತಕದಲ್ಲಿದೆ ಎಂದು ಕೈ ಒರೆಸಿಕೊಂಡು ಹೊರಡುತ್ತಿದ್ದೆ.

ಮುನಿಲಕ್ಷ್ಮಿ ಮೂರು ದಿನ ಕೂತು ಅದನ್ನೆಲ್ಲ ಟೈಪು ಮಾಡಿದ್ದಳು. ಮೊದಲ ಪುಟದಲ್ಲಿ ಚುಟುಕಕ್ಷರಗಳ ಪಟ್ಟಿ, ಅವುಗಳ ಎದುರು ಪೂರ್ತಿ ರೂಪ. ನಂದೀಶ ಹೇಳಿದ್ದಕ್ಕೆ ನಂದೀಶನ ಹೆಸರು, ಯಾರೂ ಹೇಳದ್ದಕ್ಕೆ ಚುಕ್ಕಿ. ಎಲ್ಲ ಮುಗಿಯಿತು ಎನ್ನುವಾಗ ಮಾಲೀಕ ಶ್ರೀರಾಮಪ್ಪ ಬಂದು, ಅಕ್ಷರಗಳು ಒಂದೇ ಥರ ಕಾಣಲಿ ಎಂದು ಇಡೀ ಕಡತವನ್ನು ಆರಿಸಿ ಕನ್ನಡ ಫಾಂಟಿಗೆ ಬದಲಾಯಿಸಿ ಸೇವ್ ಮಾಡಿಬಿಟ್ಟ. ಬಾಣಗಳು ಇದ್ದದ್ದು ಬೇರೆ ಚಿಹ್ನೆಗಳ ಫಾಂಟಿನಲ್ಲಿ. ಅಷ್ಟೂ ಬಾಣಗಳು ಒತ್ತಕ್ಷರ, ಕೊಂಬು, ದೀರ್ಘಗಳ ಚೂರುಗಳಾಗಿ ಕೂತವು. ಅವಳು ಆ ಚೂರುಗಳನ್ನೆಲ್ಲ ಅಳಿಸಿ, ಜಾಗ ಬಿಟ್ಟು ಪ್ರಿಂಟು ತೆಗೆದು, ಒಂದೊಂದು ಫೋಟೋವನ್ನೂ ಮತ್ತೆ ದೊಡ್ಡದು ಮಾಡಿ ನೋಡುತ್ತ ಕಪ್ಪು ಪೆನ್ನಿನಲ್ಲಿ ಬಾಣ ಹಾಕುತ್ತ ಹೋದಳು. ಹಾಗೆ ಎರಡನೇ ಸಲ ನೋಡುವಾಗಲೇ ಅವಳ ತಲೆ ಕೆಟ್ಟದ್ದು. ಅದಕ್ಕೇ ನನ್ನ ಹತ್ತಿರ ಬಂದಿದ್ದಳು.

ಕೂತುಕೋ ಎಂದೂ ನಾನು ಹೇಳಲಿಲ್ಲ. ಅವಳೇ ಸ್ಟೂಲು ಎಳೆದುಕೊಂಡಳು.

"ಇದೇನು ಮೇಡಂ, ಅರ್ಧ ಪೈಪು?"

"ಮೂತ್ರಪಿಂಡದ ನಾಳ ಕಣಮ್ಮ. ಕೆಳಗೆ ಹೋಗಿ ತಿರುಗಿ ಮೇಲೆ ಬರುತ್ತೆ. ನೀನೇ ಎಳೆದುಬಿಡು."

"ಅಯ್ಯೋ, ನನ್ನ ಕೈಯಲ್ಲಿ ಮೂತ್ರಪಿಂಡ ಮಾಡಿಸ್ಬೇಡಿ ಮೇಡಂ. ಎಷ್ಟು ಉದ್ದ, ಎಲ್ಲಿ ತಿರುಗುತ್ತೆ, ನಂಗೇನ್ ಗೊತ್ತು? ಇಷ್ಟೇ ಕಾಣ್ತು ಅಂತ ಬರೀತೀನಿ. ಪುಸ್ತಕದ ಪುಟ ಹೇಳಿ, ಅದನ್ನ ಹಾಕ್ತೀನಿ."

ಪುಟ ಹುಡುಕಿಕೊಟ್ಟೆ. ಇನ್ನೊಂದು ಮೂಲೆಯಲ್ಲಿ ನಾನೇ ಎರಡಕ್ಷರ ಬರೆದು ಸುತ್ತ ವೃತ್ತ ಹಾಕಿದ್ದೆ. ಏನೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮುನಿಲಕ್ಷ್ಮಿ ನನ್ನ ಮುಖವನ್ನೇ ನೋಡುತ್ತಿದ್ದಳು, ಆಮೇಲೆ ಮೆಲ್ಲಗೆ 'ಮೇಡಂಗೂ ನೆನಪಿಲ್ಲ' ಎಂದು ಬರೆದುಕೊಂಡಳು. ನನ್ನ ಕಿವಿ ಬಿಸಿಯಾಯಿತು.

ಕೊನೆಗೆ ಎರಡು ಫೋಟೋ ಮುಂದಿಟ್ಟಳು. ಒಂದೇ ಬೋರ್ಡಿನ ಎರಡು ಭಾಗ. ಮೇಲಿನ ಭಾಗಕ್ಕೆ 'ಆರೋಗ್ಯವಂತರಲ್ಲಿ' ಎಂಬ ತಲೆಬರಹವಿತ್ತು. ಅದರ ಕೆಳಗೆ 'ಸಕ್ಕರೆ' ಮುಂದೆ ಮೇಲ್ಮುಖದ ಬಾಣ, ಅಲ್ಲಿಂದ ಅಡ್ಡ ಬಾಣ, 'ಇನ್ಸುಲಿನ್' ಮುಂದೆ ಮೇಲ್ಮುಖದ ಬಾಣ. ಇನ್ನೊಂದು ಫೋಟೋಗೆ ತಲೆಬರಹವೇ ಇಲ್ಲ. ಅದರಲ್ಲಿ 'ಇನ್ಸುಲಿನ್' ಮೊದಲು, 'ಸಕ್ಕರೆ' ಆಮೇಲೆ. ಸಕ್ಕರೆಯ ಬಾಣ ಮೇಲಕ್ಕೆ. ಇನ್ಸುಲಿನ್ನಿನ ಬಾಣದ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದು, ಅದು ಬರೀ ಒಂದು ನಿಂತ ಗೆರೆಯಾಗಿತ್ತು. ಕೆಳತುದಿಯಲ್ಲಿ ಮಾತ್ರ ಏನೋ ಮಸುಕು.

"ಇದಕ್ಕೆ ತಲೆ ಮೇಲಿದೆಯೋ ಕೆಳಗಿದೆಯೋ ಗೊತ್ತಾಗ್ತಿಲ್ಲ. ನಂಗೆ ಕೆಳಗೆ ಅನ್ಸುತ್ತೆ. ಆದ್ರೆ ಎರಡರಲ್ಲೂ ಸಕ್ಕರೆ ಮೇಲೇ ಹೋಗಿದೆ. ಒಂದು ಕಡೆ ಇನ್ಸುಲಿನ್ ಮೇಲೆ, ಇನ್ನೊಂದು ಕಡೆ ಕೆಳಗೆ, ಹೆಂಗೆ ಮೇಡಂ?"

ಸಂಜೆ ನಾಲ್ಕೂವರೆ. ನನಗೆ ಬಸ್ಸಿನ ಹೊತ್ತು. "ಎರಡೂ ಒಂದೇ ಕಣಮ್ಮ, ಹಿಂದುಮುಂದಾಗಿ ಬರೆದಿದೀನಿ ಅಷ್ಟೆ. ಎರಡಕ್ಕೂ ಮೇಲೆ ಹಾಕು" ಎಂದೆ.

"ಆಯ್ತು. ಇಲ್ಲಿ ಸಹಿ ಮಾಡಿ."

"ಏನು?"

"ನಂಗೆ ಕಾಣದೇ ಇರೋದನ್ನ ನೀವು ಹೇಳಿದ್ರಲ್ಲ. ಅದಕ್ಕೆ ಪಕ್ಕದಲ್ಲಿ ನಿಮ್ಮ ಸಹಿ. ಕೋದಂಡರಾಮಪ್ಪನವರ ಹತ್ರ ಹಂಗೇ ಅಭ್ಯಾಸ."

ಪೆನ್ನು ಕಿತ್ತುಕೊಂಡೆ. ಸು ಎಂದು ಬರೆದೆ. ಅಲ್ಲಿಗೇ ಕೈ ನಿಂತಿತು. ಸಹಿ ಹಾಕುವಾಗ ಮನುಷ್ಯ ತಾನು ಏನಕ್ಕೆ ಹಾಕುತ್ತಿದ್ದೇನೆಂದು ಒಮ್ಮೆ ಓದುತ್ತಾನಲ್ಲ, ಹಾಗೆ ಓದಿದೆ. ಇನ್ಸುಲಿನ್ ಹೆಚ್ಚಾದರೆ ಸಕ್ಕರೆ ಹೆಚ್ಚು. ಅಷ್ಟು ವರ್ಷ ಪಾಠ ಮಾಡಿದ ನಾನು ಆ ಸಾಲಿನ ಪಕ್ಕ ಹೆಸರು ಬರೆಯುತ್ತಿದ್ದೆ.

ಹಾಗಾದರೆ ಮೇಲಿನದು ಸರಿಯೋ, ಕೆಳಗಿನದು ಸರಿಯೋ? ಒಂದು ನಿಮಿಷ ನನಗೇ ಎರಡೂ ಕಲಸಿಹೋದವು. ಆಮೇಲೆ ಬೋರ್ಡಿನ ಮುಂದೆ ನಿಂತ ಆ ದಿನ ನೆನಪಾಯಿತು. ಮೇಲಿನದು ಆರೋಗ್ಯವಂತರದು. ಊಟವಾಗಿ ಸಕ್ಕರೆ ಏರಿತು, ಅದಕ್ಕೆ ಇನ್ಸುಲಿನ್ ಏರಿತು. ಕೆಳಗಿನದು ಮಧುಮೇಹದವರದು. ಇನ್ಸುಲಿನ್ ಕಡಿಮೆ, ಅದರಿಂದ ಸಕ್ಕರೆ ಏರಿತು. ಎರಡೂ ಸರಿ. "ಇನ್ನು ಮಧುಮೇಹದಲ್ಲಿ ನೋಡಿ" ಎಂದು ಬಾಯಲ್ಲಿ ಹೇಳಿದ್ದೆ, ತಲೆಬರಹ ಬರೆದಿರಲಿಲ್ಲ. ಬಾಯಲ್ಲಿ ಹೇಳಿದ್ದು ಫೋಟೋಗೆ ಬೀಳುತ್ತದೆಯೇ?

"ಕೆಳಗೆ ಹಾಕು" ಎಂದೆ. "ಮೇಲೆ ಮಧುಮೇಹದಲ್ಲಿ ಅಂತ ಬರಿ." ನನ್ನ ಅರ್ಧ ಸಹಿಯನ್ನು ಹೊಡೆದುಹಾಕಿ, ಹೊಸ ಸಾಲಿನ ಪಕ್ಕ ಪೂರ್ತಿ ಸಹಿ ಮಾಡಿದೆ.

ಮುನಿಲಕ್ಷ್ಮಿ ಕಾಗದ ಎತ್ತಿಕೊಂಡಳು, ಆದರೆ ಏಳಲಿಲ್ಲ. "ಮೇಡಂ, ಫೋಟೋದಲ್ಲಿ ನಂಗೇ ಇಷ್ಟು ಗಲಿಬಿಲಿ ಆದ್ರೆ, ಕ್ಲಾಸಲ್ಲಿ ಕೂತು ಬರ್ಕೊಂಡೋರು ಏನ್ ಬರ್ಕೊಂಡಿರ್ತಾರೆ?"

ಮರುದಿನ ಬೆಳಿಗ್ಗೆ ಇಡೀ ಕ್ಲಾಸಿನ ನೋಟ್‌ಬುಕ್ ತರಿಸಿದೆ. ಮೂವತ್ತೆಂಟರಲ್ಲಿ ಹದಿನಾಲ್ಕು ಪುಸ್ತಕಗಳಲ್ಲಿ ಎರಡೂ ಚಿತ್ರ ಒಂದೇ ತಲೆಬರಹದ ಕೆಳಗಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಅಂದವಾಗಿದ್ದದ್ದು ಹರಿಪ್ರಿಯಾಳ ಪುಸ್ತಕ, ಸ್ಕೇಲಿಟ್ಟು ಎರಡು ಬಣ್ಣದಲ್ಲಿ ಬರೆದದ್ದು. ಎರಡು ಚಿತ್ರ ಹೊಂದುವುದಿಲ್ಲವೆಂದು ಆ ಜಾಣೆ ಕೆಳಗಿನ ಬಾಣವನ್ನು ಅಳಿಸಿ ಮೇಲ್ಮುಖ ಮಾಡಿದ್ದಳು. ಹಿಂದಿನ ದಿನ ನಾನು ಸಹಿ ಹಾಕಹೊರಟಿದ್ದ ಸಾಲೇ ಅಲ್ಲಿತ್ತು. ಮುನಿಲಕ್ಷ್ಮಿಯ ಪ್ರತಿ ತಡವಾಯಿತೆಂದು ಆಂಜಿನಮ್ಮ ಮೂರ್ನಾಲ್ಕು ದಿನದಿಂದ ಬಾಯಿಪಾಠ ಮಾಡುತ್ತಿದ್ದದ್ದು ಇದೇ ಪುಸ್ತಕವನ್ನು.

ಕ್ಲಾಸಿನಲ್ಲಿ ತಪ್ಪು ನನ್ನದೆಂದು ಹೇಳಿ ಮತ್ತೆ ಪಾಠ ಮಾಡಿದೆ. ಆಂಜಿನಮ್ಮ ಮಾತ್ರ ಇನ್ನಷ್ಟು ಕಂಗಾಲಾದಳು. "ಮೇಡಂ, ಈಗ ಎರಡೂ ತಲೇಲಿ ಕೂತ್ಬಿಟ್ಟಿದೆ. ಯಾವುದು ಬರುತ್ತೋ ಗೊತ್ತಿಲ್ಲ" ಎಂದು ಅತ್ತಳು. ಮುನಿಲಕ್ಷ್ಮಿಯ ನೋಟ್ಸು ಕೈಗೆ ಸಿಕ್ಕಾಗ ಪರೀಕ್ಷೆಗೆ ನಾಲ್ಕು ದಿನ ಇತ್ತು. ಅದರ ಜೆರಾಕ್ಸು ಇಡೀ ಬ್ಯಾಚಿಗೆ ಹಂಚಿಹೋಯಿತು, 'ಮೇಡಂಗೂ ನೆನಪಿಲ್ಲ' ಸಮೇತ. ಒಂದು ವಾರ ಕಾರಿಡಾರಿನಲ್ಲಿ ಕಿಸಕ್ಕನೆ ನಗುವ ಸದ್ದು ಕೇಳಿದಾಗಲೆಲ್ಲ ಅದಕ್ಕೇ ಎಂದು ನನಗೆ ಗೊತ್ತಿರುತ್ತಿತ್ತು.

ಪ್ರಶ್ನೆಪತ್ರಿಕೆಯಲ್ಲಿ ಅದೇ ಬಂತು, ಹತ್ತು ಅಂಕಕ್ಕೆ. ಪರೀಕ್ಷೆ ಮುಗಿಯುವ ಹೊತ್ತಿಗೆ ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ಆಂಜಿನಮ್ಮ ಎಲ್ಲರಿಗಿಂತ ಕೊನೆಗೆ ಬಂದಳು. ಅವಳೇ ಹೇಳಿದಳು:

"ಬಾಣ ಯಾವ ಕಡೆ ಅಂತ ಎಷ್ಟು ಹೊತ್ತಾದ್ರೂ ಬರ್ಲಿಲ್ಲ ಮೇಡಂ. ಆಮೇಲೆ ಮುನಿಲಕ್ಷ್ಮಕ್ಕ ಮಾಡಿದ ಹಂಗೆ ಮೊದ್ಲು ತಲೆಬರಹ ಬರೆದೆ. ಆರೋಗ್ಯವಂತರಲ್ಲಿ ಅಂತ ಒಂದು, ಮಧುಮೇಹದಲ್ಲಿ ಅಂತ ಒಂದು. ಅಷ್ಟು ಬರೆದ್ಮೇಲೆ ಬಾಣ ಯಾವ ಕಡೆ ಅಂತ ಗೊತ್ತಾಯ್ತು."

ಅವಳು ಪಾಸಾದಳು, ಐವತ್ತೇಳು ಅಂಕ. ನನಗೆ ಸಂತೋಷವಾಯಿತು. ಆದರೆ ಅದಕ್ಕೆ ಹಿಂದಿನ ಇಪ್ಪತ್ತೆರಡು ಬ್ಯಾಚುಗಳ ಹತ್ತಿರ ಫೋನೂ ಇರಲಿಲ್ಲ, ಮುನಿಲಕ್ಷ್ಮಿಯೂ ಇರಲಿಲ್ಲ. ಅವರೆಲ್ಲ ಯಾವ ಬಾಣ ಬರೆದುಕೊಂಡು ಯಾವ ಆಸ್ಪತ್ರೆಗೆ ಹೋದರೋ ನನಗೆ ಗೊತ್ತಿಲ್ಲ.