ಬಾಯಲ್ಲಿ ಏನೂ ಸಿಕ್ಕಿಕೊಂಡಿಲ್ಲ

ಪಶುವೈದ್ಯರ ಮಾತನ್ನು ಬರೆದಿಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವರು ಆ ಡಾಕ್ಟರೇ. ಹಾನುಬಾಳು ಸುತ್ತಲಿನ ಎಷ್ಟೋ ಊರುಗಳಿಗೆ ಅವರೊಬ್ಬರೇ ಆದ್ದರಿಂದ ಅರ್ಧ ವೈದ್ಯ ಫೋನಿನಲ್ಲೇ ನಡೆಯುತ್ತಿತ್ತು. ಅವರು ಹೇಳುವುದು ಒಂದು, ನಮ್ಮ ಜನ ಮಾಡುವುದು ಇನ್ನೊಂದು. ಹಸುವಿಗೆ ಹೇಳಿದ ಜಂತಿನ ಔಷಧಿಯನ್ನು ಅದೇ ಅಳತೆಯಲ್ಲಿ ಕರುವಿಗೂ ಕುಡಿಸಿದ ಪುಣ್ಯಾತ್ಮರು ನಮ್ಮಲ್ಲಿದ್ದರು. ಹಾಗಾಗಿ ಅವರೊಂದು ಕ್ರಮ ಮಾಡಿದರು. ಫೋನಿನಲ್ಲಿ ರೆಕಾರ್ಡ್ ಆದ ಮಾತನ್ನು ನಾನು ಕೇಳಿ, ಲಕ್ಷಣ, ಚಿಕಿತ್ಸೆ, ಪ್ರಮಾಣ, ಎಚ್ಚರಿಕೆ ಎಂದು ನಾಲ್ಕು ಭಾಗ ಮಾಡಿ ಅವರಿಗೆ ಕಳಿಸಬೇಕು. ಅವರು ನೋಡಿ ‘ಸರಿ’ ಎಂದ ಮೇಲೆಯೇ ಔಷಧಿ ಹಸುವಿನ ಬಾಯಿಗೆ. ಡೈರಿಗೆ ಹಾಲು ಹಾಕುವ ಹೆಂಗಸರು ನನ್ನನ್ನು ‘ಅರ್ಧ ಡಾಕ್ಟ್ರು’ ಎಂದು ಆಡಿಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಸ್ವಲ್ಪ ಕೊಬ್ಬು ಇತ್ತು.

ಆ ಕೊಬ್ಬೆಲ್ಲ ಇಳಿದದ್ದು ನಮ್ಮದೇ ಕೊಟ್ಟಿಗೆಯಲ್ಲಿ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ನಾನು ಸಕಲೇಶಪುರಕ್ಕೆ ಹೋಗಿ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದರೆ ಅತ್ತೆ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ನಮ್ಮತ್ತೆ ಸುಮ್ಮನೆ ಕೂರುವ ಜಾತಿಯವರಲ್ಲ. ಹಿಂದಿನ ದಿನದಿಂದ ಹಸು ಮೇವು ಬಿಟ್ಟಿತ್ತು. ಈಗ ಕೊಟ್ಟಿಗೆಯಿಂದ ಅದರ ಕೂಗು ಕೇಳುತ್ತಿತ್ತು. ಗಂಟಲು ಕಟ್ಟಿದ, ನಿಲ್ಲದ ಕೂಗು.

“ಡಾಕ್ಟ್ರಿಗೆ ಫೋನ್ ಮಾಡಿದ್ದೆ ಕಣವ್ವ. ಎಲ್ಲಾ ಅದ್ರಾಗೇ ಐತೆ. ನೀನು ಕೇಳಿ ಬೇಗ ಬರ್ದು ಕಳಿಸ್ಬೇಕಂತೆ. ಸಂಜಿಗೆ ಬತ್ತಾರಂತೆ,” ಎಂದು ಮನೆಯ ಫೋನನ್ನು ನನ್ನ ಕೈಗಿತ್ತರು.

ನಾನು ಅಡುಗೆಮನೆಯಲ್ಲಿ ಕೂತು ರೆಕಾರ್ಡಿಂಗ್ ಹಚ್ಚಿದೆ. ಡಾಕ್ಟರು ಜೀಪಿನಲ್ಲಿದ್ದರು, ನಡುನಡುವೆ ಮಾತು ಕಡಿದು ಹೋಗುತ್ತಿತ್ತು. ಶುರುವಿನಲ್ಲೆಲ್ಲ ಅತ್ತೆಯದೇ ದನಿ. ಮೇವು ಮುಟ್ಟುತ್ತಿಲ್ಲ, ಜೊಲ್ಲು ದಾರದ ಹಾಗೆ ಇಳಿಯುತ್ತಿದೆ, ನೀರಿಗೆ ಬಾಯಿ ಇಟ್ಟರೂ ನುಂಗುತ್ತಿಲ್ಲ, ಬಾಯಲ್ಲಿ ಏನೂ ಸಿಕ್ಕಿಕೊಂಡಿಲ್ಲ, ಹಿಂಗಾಲು ತಡವರಿಸುತ್ತಿದೆ. ಆಮೇಲೆ ಡಾಕ್ಟರ ಪ್ರಶ್ನೆ.

“ಎರಡು ಮೂರು ತಿಂಗಳ ಕೆಳಗೆ ನಾಯಿ ಗೀಯಿ ಕಚ್ಚಿತ್ತೇನಮ್ಮ?”

“ದೀಪಾವಳಿ ಆದ್ಮೇಲೆ ಒಂದು ನಾಯಿ ದನದ ಮಧ್ಯೆ ನುಗ್ಬುಟ್ಟಿತ್ತು ಸ್ವಾಮಿ. ಮೂತಿ ತಾವ ಗೀರಿತ್ತು. ಅರಿಶಿನ ಹಚ್ಚಿದ್ದೆ.”

ಅಲ್ಲಿಂದ ಡಾಕ್ಟರ ದನಿಯೇ ಬೇರೆಯಾಯಿತು. ಹುಚ್ಚುನಾಯಿ ರೋಗ ಇರಬಹುದು ಎಂದರು. ಹಸುವನ್ನು ಗಟ್ಟಿಯಾಗಿ ಕಟ್ಟಿ ದೂರ ನಿಲ್ಲಿ, ಯಾರೂ ಹತ್ತಿರ ಹೋಗಬೇಡಿ, ಬಾಯಿಗೆ ಎಣ್ಣೆ ಕಷಾಯ ಏನೂ ಹಾಕಬೇಡಿ, ಹಾಲು ಕರೆಯಬೇಡಿ, ಕರುವನ್ನು ಬಿಡಬೇಡಿ. ಜೊಲ್ಲು ಯಾರಿಗಾದರೂ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಇವತ್ತೇ ಆಸ್ಪತ್ರೆಗೆ ಹೋಗಬೇಕು. ಕೊನೆಗೆ ಕೇಳಿದರು: “ಯಾರಾದ್ರೂ ಬಾಯಿಗೆ ಕೈ ಹಾಕಿದ್ರಾ?”

“ಇಲ್ಲ ಸ್ವಾಮಿ,” ಎಂದಿತು ಅತ್ತೆಯ ದನಿ.

ಬರೆಯಲು ಕೂತೆ. ಲಕ್ಷಣದ ಕೆಳಗೆ ಸಾಲು ಸಾಲು ತುಂಬಿತು. ಚಿಕಿತ್ಸೆಯ ಹತ್ತಿರ ಕೈ ನಿಂತಿತು. ಡಾಕ್ಟರು ಹಸುವಿಗೆ ಒಂದು ಮಾತ್ರೆಯನ್ನೂ ಹೇಳಿರಲಿಲ್ಲ. ಮತ್ತೆ ಕೇಳಿದೆ, ಎಲ್ಲೋ ನನಗೇ ತಪ್ಪಿರಬೇಕು ಎಂದು. ಇಲ್ಲ. ಈ ರೋಗ ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ ಎಂದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು, ಆದರೆ ನನ್ನ ಕೈಯಿಂದಲೇ ‘ಚಿಕಿತ್ಸೆ: ಇಲ್ಲ. ಪ್ರಮಾಣ: ಇಲ್ಲ’ ಎಂದು ಬರೆಯಬೇಕಾಯಿತು. ಎಂಟು ಹತ್ತು ವರ್ಷದಿಂದ ಮನೆ ಮಗಳ ಹಾಗೆ ಇದ್ದ ಹಸು. ಅಳು ಬಂತು. ಎಚ್ಚರಿಕೆ ಎಂದು ಬರೆದು, ಹತ್ತಿರ ಹೋಗಬಾರದು, ಹಾಲು ಕರೆಯಬಾರದು, ಜೊಲ್ಲು ಮುಟ್ಟಬಾರದು ಎಂದೆಲ್ಲ ಸೇರಿಸಿದೆ.

ಕಳಿಸುವ ಮುಂಚೆ ಮೇಲಿಂದ ಓದಿ ನೋಡುವುದು ನನ್ನ ಅಭ್ಯಾಸ. ಲಕ್ಷಣದಲ್ಲಿ ನಾಲ್ಕನೆಯ ಸಾಲು: ‘ಬಾಯಲ್ಲಿ ಏನೂ ಸಿಕ್ಕಿಕೊಂಡಿಲ್ಲ.’ ಓದಿ ಮುಂದಿನ ಸಾಲಿಗೆ ಹೋದವಳು ಹಿಂದಕ್ಕೆ ಬಂದೆ. ಇದು ಹಸುವಿನ ಲಕ್ಷಣವಲ್ಲವಲ್ಲ. ಯಾರೋ ನೋಡಿ ಹೇಳಿದ ಮಾತು. ಹೇಗೆ ನೋಡಿದರು?

ನಮ್ಮ ಕಡೆ ಹಸು ಜೊಲ್ಲು ಸುರಿಸಿದರೆ ಮೊದಲು ಮಾಡುವುದೇ ಅದು. ಹಲಸಿನ ತುಂಡೋ ಮುಳ್ಳೋ ಸಿಕ್ಕಿಕೊಂಡಿರಬೇಕು ಎಂದು ನಾಲಿಗೆಯನ್ನು ಪಕ್ಕಕ್ಕೆ ಎಳೆದು ಗಂಟಲವರೆಗೂ ಕೈ ಹಾಕುತ್ತಾರೆ. ನಮ್ಮತ್ತೆ ಇದರಲ್ಲಿ ಪಳಗಿದ ಕೈ, ಅಕ್ಕಪಕ್ಕದವರೂ ಕರೆಯುತ್ತಾರೆ.

ಜಗಲಿಗೆ ಓಡಿದೆ. “ಅತ್ತೆ, ಕೈ ತೋರ್ಸಿ.”

“ಯಾಕೆ?” ಎಂದು ಅವರು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಅಷ್ಟೇ ಸಾಕಾಯಿತು. ಕೋಪ ಬಂದರೆ ನನಗೆ ಅತ್ತೆ ಸೊಸೆ ಎಂಬ ಲೆಕ್ಕ ಇರುವುದಿಲ್ಲ. ಕೈ ಹಿಡಿದು ಹೊರಗೆ ಎಳೆದೆ. ಕಾಫಿ ಕೊಯ್ದು ಕೊಯ್ದು ಬೆರಳಿನ ಸಂದುಗಳೆಲ್ಲ ಸೀಳಿದ್ದವು. ಒಂದು ಸೀಳಿನಲ್ಲಿ ರಕ್ತ ಇನ್ನೂ ಹಸಿಯಾಗಿತ್ತು.

“ಡಾಕ್ಟ್ರಿಗೆ ಯಾಕೆ ಸುಳ್ಳು ಹೇಳಿದ್ರಿ?”

“ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ತಾರೆ ಕಣೇ. ನಮ್ಮಣ್ಣಂಗೆ ಚುಚ್ಚಿದ್ದು ನಾನೇ ನೋಡಿವ್ನಿ. ಹಿಡ್ಕೊಳ್ಳಾಕೆ ನಾಕು ಜನ ಬೇಕಾಗಿತ್ತು,” ಎಂದು ಅವರು ಮಗುವಿನ ಹಾಗೆ ಅತ್ತರು. “ಬೆಳಗ್ಗೆ ಎದ್ದೇಟಿಗೆ ಹಾಕ್ದೆ. ಏನೂ ಸಿಗ್ನಿಲ್ಲ.”

ನಾನು ಅಳುತ್ತಲೇ ಬೈದೆ, ಬೈಯುತ್ತಲೇ ನಲ್ಲಿಯ ಕೆಳಗೆ ಅವರ ಕೈ ಹಿಡಿದು ಬಟ್ಟೆ ಸೋಪು ಹಚ್ಚಿ ತೊಳೆದೆ. ಒಂದು ಕೈಯಲ್ಲಿ ಅವರನ್ನು ಹಿಡಿದುಕೊಂಡೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು, “ಹಸು ನಾನು ನೋಡ್ಕೋತೀನಿ. ನೀವು ಜೀಪು ಹಿಡಿದು ಆಸ್ಪತ್ರೆಗೆ ಹೊರಡಿ. ಸೀಳಿದ ಕೈ ಅಂತ ಮರೀದೆ ಹೇಳಿ, ಗಾಯಕ್ಕೆ ಬೇರೆ ಔಷಧಿ ಬೇಕಾಗುತ್ತೆ,” ಎಂದರು. ಹೊಕ್ಕುಳ ಸುತ್ತ ಚುಚ್ಚುವುದು ನಿಂತು ಎಷ್ಟೋ ಕಾಲವಾಯಿತು ಎಂದೂ ಅತ್ತೆಗೆ ಅವರೇ ಹೇಳಿದರು.

ಸಕಲೇಶಪುರದ ಆಸ್ಪತ್ರೆಯಲ್ಲಿ ಸೀಳುಗಳ ಒಳಕ್ಕೇ ಸೂಜಿ ಹಾಕಿದರು. ಅತ್ತೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ತೋಳಿಗೊಂದು ಇಂಜೆಕ್ಷನ್ ಆಯಿತು, ಮತ್ತೆ ಯಾವ ಯಾವ ದಿನ ಬರಬೇಕೆಂದು ಹೇಳಿ, ಒಂದನ್ನೂ ತಪ್ಪಿಸಬಾರದು ಎಂದರು. ಹಸು ಮೂರನೆಯ ದಿನ ಸತ್ತಿತು. ಡಾಕ್ಟರು ಹೇಳಿದಂತೆ ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂತೆವು. ಅತ್ತೆಯನ್ನು ಹತ್ತಿರ ಬಿಡಲಿಲ್ಲ.

ಇಂಜೆಕ್ಷನ್ ಎಲ್ಲ ಮುಗಿದ ಮೇಲೂ ಭಯ ಮುಗಿಯಲಿಲ್ಲ. ಸರಿಯಾಗಿ ಹಾಕಿಸಿಕೊಂಡಿದ್ದೀರಿ, ಹೆದರಬೇಡಿ ಎಂದು ಡಾಕ್ಟರು ಎಷ್ಟು ಸಲ ಹೇಳಿದರೂ ನನ್ನ ಮನಸ್ಸು ಕೇಳುತ್ತಿರಲಿಲ್ಲ. ಈ ರೋಗ ಬಂದವರಿಗೆ ನೀರು ನುಂಗಲಾಗುವುದಿಲ್ಲವಂತೆ. ಅತ್ತೆ ಊಟಕ್ಕೆ ಕೂತರೆ ನಾನು ಬೇಕೆಂದೇ ನೀರಿನ ಚೊಂಬು ಮುಂದಿಟ್ಟು, ಒಲೆ ಊದುವ ನೆಪದಲ್ಲಿ ಅವರ ಗಂಟಲನ್ನೇ ನೋಡುತ್ತಿದ್ದೆ. ಅವರಿಗೆ ತಿಳಿಯಬಾರದೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ.

ಒಂದು ಬೆಳಗ್ಗೆ ಬೇಗ ಎದ್ದು ಹಿತ್ತಲಿಗೆ ಹೋದೆ. ಅತ್ತೆ ಆಗಲೇ ಹಂಡೆಯ ಪಕ್ಕ ನಿಂತಿದ್ದರು, ನನ್ನನ್ನು ನೋಡಲಿಲ್ಲ. ಚೊಂಬಿನಲ್ಲಿ ನೀರು ಮೊಗೆದರು. ಬಾಯಿಯ ಹತ್ತಿರ ತಂದವರು ಕುಡಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು. ಎಡಗೈಯನ್ನು ಗಂಟಲ ಮೇಲಿಟ್ಟುಕೊಂಡು ಒಂದು ಗುಟುಕು ನುಂಗಿದರು. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.