ನೂರು ಪದ ಮೀರಿದ ಪತ್ರ

ಹತ್ತನೇ ತರಗತಿಯ ನವನೀತಾ ಉಟ್ಕೂರಿನಿಂದ ಮಕ್ತಲ್‌ಗೆ, ನಮ್ಮ ಕನ್ನಡ ಮಾಧ್ಯಮದ ಶಾಲೆಗೆ ಬರುತ್ತಾಳೆ. ಬೆಳಿಗ್ಗೆ ತಾಯಿಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಷೇರ್ ಆಟೊ ಹತ್ತುವ ಹುಡುಗಿ. ಅವಳ ಬಗ್ಗೆ ನಾನು ತಿಳಿದುಕೊಂಡಿದ್ದು ಮಾತ್ರ ಒಂದೇ: ಮೊದಲ ಪೀರಿಯಡ್ಡಿಗೆ ತಡ. ಆ ಪೀರಿಯಡ್ಡು ನನ್ನದು, ಕನ್ನಡ. ತಡವಾದವರು ಬಾಗಿಲ ಹೊರಗೆ ನಿಲ್ಲಬೇಕು, ಅದು ಶರಣಯ್ಯ ಸಾರ್ ಕಾನೂನು, ಅಂದರೆ ನನ್ನದೇ. ದಸರಾ ರಜೆ ಮುಗಿದಾಗಿನಿಂದ ಅವಳು ವಾರಕ್ಕೆ ಮೂರು ದಿನವಾದರೂ ಪಾಠವನ್ನು ಹೊರಗಿನಿಂದಲೇ ಕೇಳಿದ್ದಾಳೆ.

"ಆಟೊದಾಗಿಂದ ಇಳಿಸಿಬಿಡ್ತಾರ್ರಿ, ಸಾರ್," ಎಂದು ಎರಡು ಸಲ ಹೇಳಿದ್ದಳು.

"ಸಬೂಬು ಹೇಳಬ್ಯಾಡ," ಎಂದು ಗದರಿದ್ದೆ.

ಡಿಸೆಂಬರ್ ಪರೀಕ್ಷೆಯಲ್ಲಿ ನಾನೇ ಪ್ರಶ್ನೆ ಕೊಟ್ಟೆ: ನಿಮ್ಮೂರಿನ ಒಂದು ತೊಂದರೆ ಕುರಿತು ಪತ್ರಿಕಾ ಸಂಪಾದಕರಿಗೆ ನೂರು ಪದ ಮೀರದಂತೆ ಪತ್ರ ಬರೆಯಿರಿ. ಐದು ಅಂಕ. ಬಂದ ಇಪ್ಪತ್ತಾರು ಉತ್ತರಗಳಲ್ಲಿ ಇಪ್ಪತ್ತೈದು ಬೀದಿನಾಯಿಯ ಮೇಲೆ. ನಾನು ಬೋರ್ಡಿನ ಮೇಲೆ ಬರೆಸಿದ ಪತ್ರವೇ ಅದು, ಅಲ್ಪವಿರಾಮ ಸಮೇತ. ನಾಯಿಯೇ ಇಲ್ಲದ ಓಣಿಯವರೂ ನಾಯಿಯ ಕಾಟ ತಾಳಲಾರದೆ ಬರೆದಿದ್ದರು.

ಇಪ್ಪತ್ತಾರನೆಯದು ನವನೀತಾಳದು. ಮೇಲೆ 'ಇಂದ', 'ಗೆ', ದಿನಾಂಕ, ವಿಷಯ, ಎಲ್ಲ ಜಾಗದಲ್ಲಿ ಸರಿಯಾಗಿದ್ದವು. ಪರೀಕ್ಷೆಯಲ್ಲಿ ಸ್ವಂತ ಹೆಸರು ಹಾಕಬಾರದೆಂದು 'ಅ.ಬ.ಕ.' ಎಂದೇ ಸಹಿ ಮಾಡಿದ್ದಳು. ಪತ್ರದ ಮುಖ್ಯ ಸಾಲುಗಳು ಇಷ್ಟು: 'ಮಾನ್ಯರೇ, ಪೂರ್ತಿ ಬಾಡಿಗೆ ಕೊಡುವ ದೊಡ್ಡವರು ಬಂದರೆ ಆಟೊದವರು ಶಾಲೆ ಮಕ್ಕಳನ್ನು ದಾರಿಯಲ್ಲೇ ಇಳಿಸುತ್ತಾರೆ. ಉಳಿದ ದಾರಿ ನಡೆದು ಬರುತ್ತೇವೆ. ದಯವಿಟ್ಟು ಅಧಿಕಾರಿಗಳ ಗಮನಕ್ಕೆ ತರಬೇಕು.' ಬೈಗುಳ ಇಲ್ಲ, ಅಳು ಇಲ್ಲ, ನಾನು ಹೇಳಿಕೊಟ್ಟ ವಿನಯ. ಕೊನೆಗೆ: 'ತಡವಾದವರನ್ನು ನಮ್ಮ ಗುರುಗಳು ಇಡೀ ಪೀರಿಯಡ್ ಹೊರಗೆ ನಿಲ್ಲಿಸುತ್ತಾರೆ. ಅವರಿಗೆ ನಿಜ ಗೊತ್ತಿಲ್ಲ.'

ಮೈಯೆಲ್ಲ ಉರಿಯಿತು. ಏನಾದರೂ ತಪ್ಪು ಸಿಗಲೆಂದು ಪದ ಎಣಿಸಿದೆ. ನೂರೆಂಟು! ಬೇರೆ ಯಾರ ಉತ್ತರವನ್ನೂ ಎಣಿಸಿರಲಿಲ್ಲ. ಆ ಕೊನೆಯ ಎರಡು ಸಾಲಿಗೆ ಕೆಂಪು ಗೀಟು ಎಳೆದು 'ಪದಮಿತಿ ಮೀರಿದೆ' ಎಂದು ಬರೆದು ಮೂರು ಅಂಕ ಕೊಟ್ಟೆ. ನಾಯಿಗಳಿಗೆಲ್ಲ ನಾಲ್ಕೂವರೆ.

ಉತ್ತರಪತ್ರಿಕೆ ಹಂಚಿದ ಮೇಲೆ ಅವಳು ಸ್ಟಾಫ್ ರೂಮಿಗೆ ಬಂದಳು. ಜಗಳಕ್ಕೆ ಬಂದಳೆಂದುಕೊಂಡೆ. ಕೈಯಲ್ಲಿ ಹೊಸ ಹಾಳೆ ಇತ್ತು.

"ಮತ್ತ ಬರ್ದೀನ್ರಿ, ಸಾರ್. ಹೊರಗ ನಿಲ್ಲಿಸೋದು ತೆಗೆದುಬಿಟ್ಟೀನಿ. ಈಗ ನೂರರೊಳಗ ಐತ್ರಿ. ಪಬ್ಲಿಕ್ ಪರೀಕ್ಷೆದಾಗ ಹಿಂಗ ಬರದ್ರ ಅಂಕ ಹೋಗಂಗಿಲ್ಲಲ್ರಿ?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಹೋಗಂಗಿಲ್ಲ," ಎಂದೆ. ಇಪ್ಪತ್ತು ವರ್ಷದಿಂದ ಪತ್ರಲೇಖನ ಹೇಳಿಕೊಡುವವನಿಗೆ ಒಬ್ಬ ಹುಡುಗಿಯ ಬಳಿ ತಪ್ಪಾಯಿತೆನ್ನುವುದು ಬರಲಿಲ್ಲ.

ಮರುದಿನ ಅವಳು ಬಂದಾಗ ಒಂಬತ್ತೂ ಐವತ್ತು, ಪೀರಿಯಡ್ಡು ಶುರುವಾಗಿ ಇಪ್ಪತ್ತು ನಿಮಿಷ ಆಗಿತ್ತು. ಚಪ್ಪಲಿಯೆಲ್ಲ ಧೂಳು. ನಾನು ಕೇಳುವ ಮೊದಲೇ ಗೋಡೆಗೆ ಒರಗಿ ನಿಂತು ನೋಟ್‌ಬುಕ್ ತೆರೆದಳು. ಪಾಠ ನಿಲ್ಲಿಸಿ ಬಾಗಿಲಿಗೆ ಹೋಗಿ, ಇಡೀ ಕ್ಲಾಸಿಗೆ ಕೇಳುವಂತೆ ಹೇಳಿದೆ:

"ಒಳಗ ಬಾರವ್ವ. ತಪ್ಪು ನಂದ ಐತಿ."

ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು. ನಾನು ಅಣಕಿಸುತ್ತಿದ್ದೇನೆಂದೇ ಅವಳೂ ತಿಳಿದಳು.

"ನಾಳೆಯಿಂದ ಲಗೂನ ಬರ್ತೀನ್ರಿ, ಸಾರ್," ಎಂದು ತಲೆ ತಗ್ಗಿಸಿ ಅಲ್ಲೇ ನಿಂತಳು.