ಮರುಗ ಎಂಬ ಪದವಿಲ್ಲ

ಆ ಗುರುವಾರ ವಿಶೇಷವೇನೂ ನಡೆಯಲಿಲ್ಲ. ಮಾರನೆಯ ದಿನ ಏನು ನಡೆಯುವುದಿದೆ ಎಂದು ಗೊತ್ತಿದ್ದರೆ ರಂಗನಾಯಕಿ ಇನ್ನೊಂದು ಸ್ವಲ್ಪ ನೆಟ್ಟಗೆ ನೋಡಿರುತ್ತಿದ್ದಳು.

ಎನ್.ಆರ್. ಕಾಲೋನಿಯ ಮನೆಯ ಜಗುಲಿಯಲ್ಲಿ ಅವಳ ಗಂಡ ಚಕ್ರಪಾಣಿ ಪೋಸ್ಟ್‌ಕಾರ್ಡುಗಳನ್ನು ಹರವಿಕೊಂಡು ಕೂತಿದ್ದರು. ಚಾಮರಾಜಪೇಟೆಯ ಒಂದು ವಾರಪತ್ರಿಕೆಯಲ್ಲಿ ಅವರು ಕರಡು ತಿದ್ದುವವರು. ಅದರ ಜೊತೆಗೆ ಇಪ್ಪತ್ತೆರಡು ವರ್ಷದಿಂದ ‘ಪದಚಕ್ರ’ ಎಂಬ ಒಗಟನ್ನೂ ಮಾಡಿಕೊಡುತ್ತಿದ್ದರು. ನಡುವೆ ಒಂದು ಅಕ್ಷರ, ಸುತ್ತ ಆರು. ನಡುವಿನ ಅಕ್ಷರ ಇರಲೇಬೇಕು, ಒಂದು ಅಕ್ಷರವನ್ನು ಒಂದೇ ಸಲ ಬಳಸಬೇಕು. ಸಿಕ್ಕಷ್ಟು ಪದ ಕಾರ್ಡಿನಲ್ಲಿ ಬರೆದು ಕಳಿಸಬೇಕು. ಒಂದೇ ಒಂದು ತಪ್ಪು ಪದ ಇದ್ದರೂ ಕಾರ್ಡು ಕಸದ ಬುಟ್ಟಿಗೆ. ಸರಿಯಿದ್ದವರ ಹೆಸರು ಮುಂದಿನ ವಾರ ಅಚ್ಚಾಗುತ್ತಿತ್ತು. ಬಹುಮಾನ ಅಷ್ಟೇ. ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡಲು ಬಸವನಗುಡಿಯ ನಿವೃತ್ತ ಮೇಷ್ಟ್ರುಗಳು ಎಷ್ಟು ಕಷ್ಟಪಡುತ್ತಾರೆಂಬುದು ಅಂಚೆಯವನಿಗೆ ಮಾತ್ರ ಗೊತ್ತಿತ್ತು.

ಚಕ್ರಪಾಣಿಯವರ ಬಳಿ ಎರಡು ಪುಸ್ತಕಗಳಿದ್ದವು. ಒಂದು ಸಣ್ಣದು. ಹಾಲಿನವನಿಂದ ಹೆಡ್‌ಮಾಸ್ಟರ್‌ವರೆಗೆ ಎಲ್ಲರಿಗೂ ಗೊತ್ತಿರುವ ಪದಗಳು ಅದರಲ್ಲಿ. ಒಗಟು ಕಟ್ಟುವುದು, ‘ಕನಿಷ್ಠ ಇಷ್ಟು ಪದ ಹುಡುಕಿ’ ಎಂದು ಲೆಕ್ಕ ಹೇಳುವುದು ಅದರಿಂದ. ಅದು ಕಚೇರಿಯ ಮೇಜಿನ ಡ್ರಾಯರಿನಲ್ಲಿತ್ತು. ಇನ್ನೊಂದು ದಪ್ಪದು, ಮೂರು ನೋಟ್‌ಬುಕ್ ಸೇರಿಸಿ ಹೊಲಿದದ್ದು. ನಿಘಂಟಿನಲ್ಲಿ ಇರುವ ಪದ, ಜನ ಆಡುವ ಪದ, ಅವರ ಕಿವಿಗೆ ಬಿದ್ದು ನಿಘಂಟಿನಲ್ಲಿ ಸಿಕ್ಕ ಪದ, ಎಲ್ಲ ಅದರಲ್ಲಿ. ಬಂದ ಕಾರ್ಡುಗಳಲ್ಲಿ ಸರಿ ತಪ್ಪು ನೋಡುವುದು ಅದರಿಂದ. ಕಾರ್ಡುಗಳನ್ನು ಮನೆಗೇ ತರುತ್ತಿದ್ದುದರಿಂದ ದಪ್ಪದು ಮನೆಯಲ್ಲೇ ಇತ್ತು.

“ಕೇಳೋದು ಸಣ್ಣದರಿಂದ, ಒಪ್ಪೋದು ದಪ್ಪದರಿಂದ ಕಣೇ,” ಎನ್ನುತ್ತಿದ್ದರು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ಹೆಂಡತಿಗೆ ಇದನ್ನು ಯಾಕೆ ಹೇಳುತ್ತಿದ್ದರೋ. ಕಚೇರಿಯಲ್ಲಿ ಕೇಳುವವರು ಇರಲಿಲ್ಲ, ಅದಕ್ಕಿರಬೇಕು.

ರಂಗನಾಯಕಿ ಕನಕಾಂಬರ ಕಟ್ಟುತ್ತಿದ್ದಳು. ಅವರು ತಲೆಯೆತ್ತಿ, ನಡುನಡುವೆ ಸೇರಿಸ್ತೀಯಲ್ಲ ಆ ಹಸಿರು, ಅದಕ್ಕೇನಂತಾರೆ ಎಂದು ಕೇಳಿದರು.

“ಮರುಗ. ಮೂವತ್ತೊಂದು ವರ್ಷದಿಂದ ನಿಮ್ಮ ಮೂಗಿನ ಮುಂದೇನೇ ಓಡಾಡ್ತಿದೆ. ಈಗ ಕೇಳಿ.”

ಅವರು ನಕ್ಕರು. ನಿಘಂಟು ತೆಗೆದು ನೋಡಿದರು. ಇತ್ತು. ದಪ್ಪ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟಕ್ಕೇ ಬಿಡದೆ ಅಲ್ಲೇ ಒಂದು ಚಕ್ರ ಗೀಚಿದರು. ನಡುವೆ ಗ, ಸುತ್ತ ಮ, ರು, ನ, ರ, ಸ, ಲ. ಸಣ್ಣ ಪುಸ್ತಕ ಅವರಿಗೆ ಬಾಯಿಪಾಠ, ಅದರ ಪ್ರಕಾರ ಐದು ಪದ: ಮಗ, ನಗ, ನಗರ, ಗಮನ, ಸಲಗ. ಐದು ಸಿಕ್ಕರೆ ಜಾಣರು. ಮರುಗ ಬರೆದವರು ನಮ್ಮ ಮನೆಯವರು ಎಂದರು. ಊಟ ಮಾಡಿದರು. ಮಜ್ಜಿಗೆಗೆ ಉಪ್ಪು ಕಡಿಮೆ ಎಂದರು. ಮಲಗಿದರು.

ಶುಕ್ರವಾರ ಆ ಚಕ್ರವನ್ನು ಕಚೇರಿಗೆ ಕೊಟ್ಟು ಬಸ್ ಸ್ಟಾಪಿಗೆ ಬಂದು ನಿಂತವರು ಅಲ್ಲೇ ಕುಸಿದರು. ಹೃದಯ ಎಂದರು ಡಾಕ್ಟರು, ಏನೋ ಹೊಸ ಸುದ್ದಿ ಹೇಳುವವರ ಹಾಗೆ.

ಪತ್ರಿಕೆಯವರು ಸಂತಾಪ ಅಚ್ಚು ಹಾಕಿದರು. ನಾಲ್ಕು ಸಾಲು, ಅದರಲ್ಲಿ ಎರಡು ಅಕ್ಷರತಪ್ಪು. ತಿದ್ದುವವರು ಇರಲಿಲ್ಲವಲ್ಲ. ಅದೇ ಪುಟದ ಕೆಳಗೆ ಅವರ ಕೊನೆಯ ಪದಚಕ್ರವಿತ್ತು.

ಹದಿಮೂರು ದಿನ ನೆಂಟರು ಬಂದರು. ಇನ್ನು ಮೇಲೆ ಹೂವು ಮುಡಿಯಬಾರದು, ದೇವರಿಗೆ ಕಟ್ಟಬಹುದು ಎಂದು ಭಾಗೀರಥಮ್ಮ ಎಂಬ ನಾದಿನಿ ಬಹಳ ಪ್ರೀತಿಯಿಂದ ತಿಳಿಸಿದರು. ಗೊತ್ತಿಲ್ಲದ ವಿಷಯವೇನೋ ಎಂಬಂತೆ. ಎಲ್ಲರೂ ಹೋದ ಮೇಲೆ ರಂಗನಾಯಕಿ ಒಂದು ಪೋಸ್ಟ್‌ಕಾರ್ಡು ತಂದಳು. ಜೀವಮಾನದಲ್ಲಿ ಒಂದು ಸಲವೂ ಗಂಡನ ಒಗಟಿಗೆ ಉತ್ತರ ಬರೆದವಳಲ್ಲ. ಪತ್ರಿಕೆಯವನ ಮನೆಯವರು ಬರೆಯುವ ಹಾಗಿರಲಿಲ್ಲ. ಈಗ ಆ ಅಡ್ಡಿ ತೀರಿತ್ತು. ಕೋಳಿ ಕಾಲಿನಂಥ ಅಕ್ಷರದಲ್ಲಿ ಐದು ಪದ ಬರೆದಳು. ಆರನೆಯದು ಮರುಗ. ತಡವಾಯಿತೇನೋ ಎಂದುಕೊಂಡಳು, ಆದರೆ ಪತ್ರಿಕೆಯವರೇ ಸಾವಿನ ನಿಮಿತ್ತ ಗಡುವನ್ನು ಎರಡು ವಾರ ಮುಂದೂಡಿದ್ದರು.

ಫಲಿತಾಂಶ ಬಂತು. ಸರಿಯುತ್ತರದವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಕೆಳಗೆ ದಪ್ಪಕ್ಷರದ ಒಂದು ಸೂಚನೆ ಇತ್ತು: ‘ಹಲವರು “ಮರುಗ” ಎಂದು ಬರೆದಿದ್ದಾರೆ. ಮರುಗ ಎಂಬ ಪದವಿಲ್ಲ. ಮರುಗು ಎಂಬುದು ಕ್ರಿಯಾಪದ, ಅರ್ಥ: ದುಃಖಿಸು. ಅಂಥ ಕಾರ್ಡುಗಳನ್ನು ತಿರಸ್ಕರಿಸಲಾಗಿದೆ.’

ಅವಳು ಮೂರು ಸಲ ಓದಿದಳು. ಮರುಗು ಎಂದರೇನೆಂದು ಅವಳಿಗೆ ಯಾರೋ ಅರ್ಥ ಬರೆದು ಕಳಿಸಿದ್ದರು. ದಪ್ಪ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಚಾಮರಾಜಪೇಟೆಗೆ ಹೊರಟಳು. ಈ ಪದ ಇಲ್ಲ ಎಂದುಬಿಟ್ಟರೆ ಅವರು ಬರೆದ ಪುಸ್ತಕವೂ ಇಲ್ಲ. ಪುಸ್ತಕ ಇಲ್ಲವೆಂದರೆ ಆ ಗುರುವಾರವೂ ಇಲ್ಲ. ಅವಳಿಗೆ ಬೇಕಾಗಿದ್ದು ಅಷ್ಟೇ, ಇದೆ ಎಂದು ಅಚ್ಚಾಗಬೇಕು.

ಚಕ್ರಪಾಣಿಯವರ ಕುರ್ಚಿಯಲ್ಲಿ ಮಧುಸೂದನ್ ಎಂಬ ಯುವಕ ಕೂತಿದ್ದ. ಕನ್ನಡ ಎಂ.ಎ., ಚಿನ್ನದ ಪದಕ. ಡ್ರಾಯರಿನಲ್ಲಿ ಸಿಕ್ಕ ಸಣ್ಣ ಪುಸ್ತಕವನ್ನೇ ಪೂರ್ತಿ ಶಾಸ್ತ್ರವೆಂದು ತಿಳಿದಿದ್ದ. ಬಂದ ಕಾರ್ಡಿನ ಪದ ಅದರಲ್ಲಿ ಇಲ್ಲವೆಂದರೆ ಕನ್ನಡದಲ್ಲೇ ಇಲ್ಲ.

ಅವನು ಮರ್ಯಾದೆಯಿಂದ ಎದ್ದು ನಿಂತು, ಅಮ್ಮಾ, ಸರ್ ಮಾಡಿಟ್ಟ ಪಟ್ಟಿಯ ಪ್ರಕಾರವೇ ನೋಡಿದ್ದೀನಿ ಎಂದ.

“ನಿಮ್ಮ ಸರ್‌ದೇ ಇದು, ನೋಡಪ್ಪಾ,” ಎಂದು ಅವಳು ದಪ್ಪದನ್ನು ಮೇಜಿನ ಮೇಲಿಟ್ಟಳು. “ನೀನು ಹಿಡ್ಕೊಂಡಿರೋದು ಪ್ರಶ್ನೆ ಕೇಳೋ ಪುಸ್ತಕ. ಉತ್ತರ ಒಪ್ಪೋ ಪುಸ್ತಕ ಇದು. ಗಾಂಧಿ ಬಜಾರಿಗೆ ಹೋಗಿ ಹೂವಿನವಳ ಹತ್ರ ಮರುಗ ಇಲ್ಲ ಅಂತ ಹೇಳ್ಬಿಟ್ಟು ಬಾ. ಚಿನ್ನದ ಪದಕಾನೂ ತೋರ್ಸು.”

ಅವನು ನಿಘಂಟು ತೆಗೆದ. ಮರುಗ, ಒಂದು ಬಗೆಯ ಸುವಾಸನೆಯ ಗಿಡ. ಕಿವಿ ಕೆಂಪಗಾಯಿತು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇನೆ, ಅಲ್ಲಿವರೆಗೆ ಈ ಪುಸ್ತಕ ನನ್ನ ಹತ್ತಿರ ಇರಲಿ ಎಂದ. ಹುಡುಗ ಕೆಟ್ಟವನಲ್ಲ, ಓದಿದವನು ಅಷ್ಟೇ ಎಂದುಕೊಂಡು ಅವಳು ಕೊಟ್ಟು ಬಂದಳು.

ಓದಿದವರ ತೊಂದರೆಯೆಂದರೆ ತಿದ್ದಿಕೊಂಡರೆ ವಿಪರೀತ ತಿದ್ದಿಕೊಳ್ಳುತ್ತಾರೆ. ಮಧುಸೂದನ್ ತಿದ್ದುಪಡಿ ಹಾಕುವುದನ್ನು ಮರೆತು ಸಣ್ಣ ಪುಸ್ತಕವನ್ನೇ ಮೂಲೆಗೆ ಎಸೆದ. ಒಗಟು ಕಟ್ಟುವುದನ್ನೂ ದಪ್ಪದರಿಂದಲೇ ಶುರು ಮಾಡಿದ. ‘ಕನಿಷ್ಠ ಇಪ್ಪತ್ತಾರು ಪದ ಹುಡುಕಿ’ ಎಂದು ಅಚ್ಚಾಯಿತು. ಉತ್ತರದಲ್ಲಿ ಇಭ ಎಂದಿತ್ತು. ಆನೆಯಂತೆ. ನಾಕ ಎಂದಿತ್ತು. ಸ್ವರ್ಗವಂತೆ. ಚಕ್ರಪಾಣಿಯವರು ಇವನ್ನು ಬರೆದಿಟ್ಟಿದ್ದು ಯಾರಾದರೂ ಬರೆದು ಕಳಿಸಿದರೆ ತಪ್ಪೆನ್ನಬಾರದು ಎಂದು. ಜನರನ್ನು ಕೇಳಿ ಹೆದರಿಸಲಿಕ್ಕೆ ಅಲ್ಲ.

ಮೇಷ್ಟ್ರುಗಳಿಗೆ ಒಂಬತ್ತೇ ಸಿಕ್ಕವು. ಮೊದಲ ವಾರ ತಮ್ಮ ವಯಸ್ಸಾಯಿತು ಎಂದುಕೊಂಡರು, ಎರಡನೇ ವಾರ ಪತ್ರಿಕೆ ಹಾಳಾಯಿತು ಎಂದರು. ಐದನೇ ವಾರ ಬಂದ ಕಾರ್ಡು ಹನ್ನೊಂದು. ಅದರಲ್ಲಿ ನಾಲ್ಕು ಬೈಗುಳ.

ಸಂಪಾದಕ ಶ್ರೀನಿವಾಸಯ್ಯನವರು ರಂಗನಾಯಕಿಗೆ ಒಂದು ಕಾಗದ ಬರೆದರು. ಕಾಲಮಾನ ಬದಲಾಗಿದೆ, ಟಿವಿ ಬಂದಿದೆ, ಪದಚಕ್ರ ನಿಲ್ಲಿಸುತ್ತಿದ್ದೇವೆ, ಆ ಜಾಗದಲ್ಲಿ ರಾಶಿಫಲ ಬರುತ್ತದೆ, ಚಕ್ರಪಾಣಿಯವರ ನೆನಪು ಸದಾ ಹಸಿರು. ಪುಸ್ತಕಗಳನ್ನು ಬಂದು ತೆಗೆದುಕೊಂಡು ಹೋಗಬಹುದು.

ಅವಳು ಮಾರನೆಯ ದಿನವೇ ಹೋದಳು. ಇಬ್ಬರೂ ಇದ್ದರು. ಮಧುಸೂದನ್ ಮುಖ ಬಾಡಿತ್ತು. ಸಣ್ಣದಿಟ್ಟುಕೊಂಡರೆ ಸರಿ ಬರೆದವರನ್ನು ತಪ್ಪು ಎಂದಂತಾಗುತ್ತದೆ, ದಪ್ಪದಿಟ್ಟುಕೊಂಡರೆ ಬರೆಯುವವರೇ ಇಲ್ಲ, ಏನು ಮಾಡಲಿ ಎಂದು ಅವನು ಸಂಪಾದಕರಿಗೆ ಹೇಳುತ್ತಿದ್ದ.

ರಂಗನಾಯಕಿ ನಿಂತೇ ಮಾತಾಡಿದಳು.

“ಹೂವಿನ ಶೈಲಜಮ್ಮ ದಿನಾ ನಮ್ಮ ಬೀದೀಲಿ ಕೂಗ್ತಾಳೆ. ಏನಂತ? ಮಲ್ಲಿಗೆ, ಕನಕಾಂಬರ ಅಂತ. ಎಲ್ರಿಗೂ ಗೊತ್ತಿರೋದು ಅವೇ ಅಲ್ವಾ. ಮರುಗ ಅಂತ ಯಾವತ್ತೂ ಕೂಗಲ್ಲ. ಹಾಗಂತ ನಾನು ಮರುಗ ಕೊಡೇ ಅಂದ್ರೆ, ಅಂಥದ್ದೇ ಇಲ್ಲ ಅಂತಾಳಾ? ಬುಟ್ಟಿ ತಳದಿಂದ ತೆಗೆದು ಕೊಡ್ತಾಳೆ. ನೀನು ಮೊದ್ಲು ಮಾಡಿದ್ದು, ಕೂಗಿದ್ದಷ್ಟೇ ಮಾರ್ತೀನಿ ಅಂದಂಗೆ. ಆಮೇಲೆ ಮಾಡಿದ್ದು, ಬುಟ್ಟೀಲಿರೋ ಹುಲ್ಲು ಸೊಪ್ಪು ಎಲ್ಲಾ ಕೂಗಿದಂಗೆ. ಯಾರು ಬಾಗ್ಲು ತೆಗೀತಾರಪ್ಪಾ?”

ಶ್ರೀನಿವಾಸಯ್ಯನವರು ಕನ್ನಡಕ ತೆಗೆದು ಒರೆಸಿದರು. ಇಪ್ಪತ್ತೆರಡು ವರ್ಷ ಪಕ್ಕದ ಮೇಜಿನಲ್ಲಿದ್ದೂ ಚಕ್ರಪಾಣಿ ಏನು ಮಾಡುತ್ತಿದ್ದರೆಂದು ಅವರಿಗೆ ಈಗ ತಿಳಿಯಿತು. ಸಂಪಾದಕರು ಬಹಳ ಕೆಲಸದವರು.

ಒಂದು ತೊಡಕಿದೆ ಎಂದ ಮಧುಸೂದನ್. ಪ್ರತಿ ಕಾರ್ಡಿನ ಪ್ರತಿ ಪದವನ್ನೂ ದಪ್ಪದರಲ್ಲಿ ಹುಡುಕುತ್ತಾ ಕೂತರೆ ಬೇರೆ ಕೆಲಸ ಆಗುವುದಿಲ್ಲ.

“ಯಾರು ಹುಡುಕು ಅಂದ್ರು? ಸಣ್ಣದರಲ್ಲಿ ಇರೋದನ್ನ ನೀನೇ ಸರಿ ಹಾಕು. ಅದರಲ್ಲಿ ಇಲ್ಲದ ಪದ ಬಂದ್ರೆ ಆ ಕಾರ್ಡು ಬುಟ್ಟಿಗೆ ಹಾಕ್ಬೇಡ, ನನಗೆ ಕಳ್ಸು. ನಾನು ನೋಡ್ತೀನಿ.”

“ನೀವಾ?” ಎಂದುಬಿಟ್ಟರು ಶ್ರೀನಿವಾಸಯ್ಯನವರು.

“ನಾನು ಪದ ಹುಟ್ಟಿಸಬೇಕಾ? ಇದೆಯಾ ಇಲ್ವಾ ನೋಡಬೇಕು. ಅಕಾರಾದಿ ಮೂರನೇ ಕ್ಲಾಸಲ್ಲೇ ಹೇಳ್ಕೊಟ್ಟಿದ್ರು.”

ರಾಶಿಫಲಕ್ಕೆ ಬೇರೆ ಪುಟ ಸಿಕ್ಕಿತು. ಪದಚಕ್ರ ಮತ್ತೆ ಐದಾರು ಪದ ಕೇಳತೊಡಗಿತು. ಅದರ ಮೊದಲ ವಾರ ಒಂದು ಸಾಲಿನ ತಿದ್ದುಪಡಿಯೂ ಬಂತು: ‘ಮರುಗ ಎಂಬ ಪದವಿದೆ. ಹಿಂದೆ ಇಲ್ಲವೆಂದದ್ದು ನಮ್ಮ ತಪ್ಪು.’ ಅದರ ಕೆಳಗೆ, ಮಧುಸೂದನ್ ಎಸೆಯದೆ ಕಟ್ಟಿಟ್ಟಿದ್ದ ಕಾರ್ಡುಗಳಿಂದ, ಬಿಟ್ಟುಹೋಗಿದ್ದ ಹದಿನೇಳು ಹೆಸರುಗಳು. ಹದಿನಾರು ಹೆಂಗಸರದು. ಒಂದು ಗಂಡಸಿನದು, ಹನುಮಂತಯ್ಯ, ಅಕ್ಕಿಪೇಟೆ, ಹೆಂಡತಿ ಹೇಳಿಕೊಟ್ಟಿರಬೇಕು. ಹನ್ನೆರಡನೆಯ ಹೆಸರು ರಂಗನಾಯಕಿ, ಎನ್.ಆರ್. ಕಾಲೋನಿ. ಅವಳು ಅದನ್ನು ಕತ್ತರಿಸಿ ಇಟ್ಟುಕೊಳ್ಳಲಿಲ್ಲ. ಅಚ್ಚಾಗಿದ್ದು ಅಚ್ಚಾಗಿದೆ. ಸಂಜೆ ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಅಕ್ಕಿ ತೊಳೆದಳು.

ಇದೆಲ್ಲ ನಡೆದು ಹತ್ತು ವರ್ಷವಾಯಿತು. ಮಧುಸೂದನ್‌ಗೆ ಈಗ ಬೊಜ್ಜು ಬಂದಿದೆ. ಸಣ್ಣ ಪುಸ್ತಕವನ್ನು ಅವನು ಕಂಪ್ಯೂಟರಿಗೆ ಹಾಕಿಸಿದ್ದಾನೆ, ದಪ್ಪದನ್ನೂ ಹಾಕಿಸೋಣ ಅಮ್ಮಾ ಎನ್ನುತ್ತಾನೆ. ಹಾಕಿಸುವಿಯಂತೆ, ನಾನು ಹೋದ ಮೇಲೆ ಎನ್ನುತ್ತಾಳೆ ಅವಳು.

ಬೆಳಿಗ್ಗೆ ಹಾಲು ಕಾಯಿಸಿಟ್ಟು ರಂಗನಾಯಕಿ ಕಿಟಕಿಯ ಪಕ್ಕ ಕೂರುತ್ತಾಳೆ. ಕಚೇರಿಯಿಂದ ಬಂದ ಕಾರ್ಡುಗಳ ಕಟ್ಟಿನ ರಬ್ಬರ್‌ಬ್ಯಾಂಡ್ ಬಿಚ್ಚಿ ಒಂದು ತೆಗೆಯುತ್ತಾಳೆ. ಸಂದೇಹದ ಪದಕ್ಕೆ ಅವನು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿರುತ್ತಾನೆ. ದಪ್ಪ ಪುಸ್ತಕದ ಪುಟ ತಿರುಗಿಸಿ, ಬೆರಳಿಟ್ಟುಕೊಂಡು ಸಾಲುಸಾಲಾಗಿ ಇಳಿಯುತ್ತಾಳೆ. ಸಿಕ್ಕರೆ ಗೆರೆಯನ್ನು ರಬ್ಬರಿನಿಂದ ಅಳಿಸುತ್ತಾಳೆ. ಸಿಗದಿದ್ದರೆ ಇನ್ನೊಂದು ಸಲ ನೋಡುತ್ತಾಳೆ.